ಕೌಂಟ್ 1,60,000 ಇದ್ದವರು ನಡೆದು ಬಂದರು, 3,800 ಇದ್ದ ಮಗುವನ್ನು ಎತ್ತಿಕೊಂಡು ಬಂದರು

ಕಲಬುರಗಿಯ ಒಂದು ಲ್ಯಾಬಿನಲ್ಲಿ ರಕ್ತದ ಸ್ಲೈಡ್ ನೋಡುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರು ಬಿಳಿ ರಕ್ತಕಣದ ಕೌಂಟ್ ನೋಡಿಯೇ ಹೆದರುತ್ತಾರೆ. ಅವರಿಗೆ ನಾನು ಒಂದೇ ವಾರ ಬಂದ, ರಕ್ತದ ಕ್ಯಾನ್ಸರಿನ ಈ ಎರಡು ಸ್ಯಾಂಪಲ್ ಕಥೆ ಹೇಳುತ್ತೇನೆ.

ಮೊದಲನೆಯವರು ಆಳಂದ ಕಡೆಯ ರೈತರು, ಐವತ್ತರ ಆಸುಪಾಸು. ಕೌಂಟ್ 1,60,000. ಸಾಮಾನ್ಯವಾಗಿ ಇದು 4,000ದಿಂದ 11,000ದ ಒಳಗಿರಬೇಕು. "ಏನ್ ತ್ರಾಸ ಅದರಿ ಕಾಕಾ?" ಅಂದರೆ, "ಹೊಟ್ಟಿ ಎಡಕ್ಕ ಭಾರ ಅನಸ್ತದ ನೋಡ್ರಿ, ಎರಡು ರೊಟ್ಟಿ ತಿಂದ್ರ ತುಂಬಿದಂಗ ಆಗ್ತದ" ಅಂದರು. ಅಷ್ಟೇ. ಹಿಮೋಗ್ಲೋಬಿನ್ 10.5, ಪ್ಲೇಟ್‌ಲೆಟ್ ಐದು ಲಕ್ಷದ ಮೇಲೆ.

ಎರಡನೆಯದು ಶಹಾಪುರ ಕಡೆಯ ಆರು ವರ್ಷದ ಹುಡುಗಿ. ಜ್ವರ, ಕಾಲುನೋವು, ಮೊಣಕಾಲ ಕೆಳಗೆ ಸಣ್ಣ ಕೆಂಪು ಚುಕ್ಕೆಗಳು. ಮಳೆಗಾಲವಾದ್ದರಿಂದ ಚೀಟಿಯ ಮೇಲೆ 'ಡೆಂಗಿ ಇರಬಹುದೇ?' ಎಂದಿತ್ತು. ಕೌಂಟ್ 3,800, ಪ್ಲೇಟ್‌ಲೆಟ್ 18,000. ಡೆಂಗಿ ಎನ್ನಲು ಇವೆರಡೂ ಒಪ್ಪುತ್ತವೆ. ಒಪ್ಪದಿದ್ದದ್ದು ಹಿಮೋಗ್ಲೋಬಿನ್: 6. ಡೆಂಗಿಯಲ್ಲಿ ರಕ್ತದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ದೊಡ್ಡ ರಕ್ತಸ್ರಾವ ಇಲ್ಲದೆ ಹಿಮೋಗ್ಲೋಬಿನ್ ಇಷ್ಟು ಇಳಿಯುವುದಿಲ್ಲ. ಮೂರೂ ಬಗೆಯ ಕಣ ಒಟ್ಟಿಗೆ ಕಡಿಮೆಯಾದರೆ ಅವು ಹುಟ್ಟುವ ಅಸ್ಥಿಮಜ್ಜೆಯ ಮೇಲೇ ಅನುಮಾನ ಬರಬೇಕು. ನಮ್ಮ ಮಷಿನ್ ಮಾತ್ರ 'ಲಿಂಫೊಸೈಟ್ ಹೆಚ್ಚು' ಎಂದು ಪ್ರಿಂಟ್ ಕೊಟ್ಟು ಸುಮ್ಮನಾಯಿತು. ಅದು ಗಾತ್ರ ನೋಡಿ ಕಣಗಳನ್ನು ವಿಂಗಡಿಸುತ್ತದೆ, ಎಳೆಯ ಕಣವನ್ನು ಗುರುತಿಸುವ ಕಣ್ಣು ಅದಕ್ಕಿಲ್ಲ.

ಎರಡೂ ಸ್ಲೈಡಿಗೆ ಲೀಶ್ಮನ್ ಬಣ್ಣ ಹಾಕಿ ನೋಡಿದೆವು. ರೈತರ ಸ್ಲೈಡ್ ತುಂಬಿ ತುಳುಕುತ್ತಿತ್ತು, ಆದರೆ ಅದರಲ್ಲಿ ಎಲ್ಲ ವಯಸ್ಸಿನ ಕಣಗಳೂ ಇದ್ದವು: ಎಳೆಯವು, ನಡುವಯಸ್ಸಿನ ಮೈಲೊಸೈಟ್, ಬಲಿತ ನ್ಯೂಟ್ರೊಫಿಲ್, ಜೊತೆಗೆ ಅಪರೂಪದ ಬೇಸೊಫಿಲ್‌ಗಳೂ ಎದ್ದು ಕಾಣುವಷ್ಟು. ತೀರಾ ಎಳೆಯ ಕಣ, ಅಂದರೆ ಬ್ಲಾಸ್ಟ್, ನೂರಕ್ಕೆ ಎರಡು. ಹುಡುಗಿಯ ಸ್ಲೈಡಿನಲ್ಲಿ ಕಣಗಳೇ ವಿರಳ, ಆದರೆ ನೂರು ಎಣಿಸಿದರೆ ನಲವತ್ತಕ್ಕೂ ಹೆಚ್ಚು ಬ್ಲಾಸ್ಟ್.

ರಕ್ತದ ಕ್ಯಾನ್ಸರಿನಲ್ಲಿ ಬೇಗ ಉಲ್ಬಣಿಸುವ ಅಕ್ಯೂಟ್ ಮತ್ತು ನಿಧಾನವಾಗಿ ಬೆಳೆಯುವ ಕ್ರಾನಿಕ್ ನಡುವಿನ ವ್ಯತ್ಯಾಸ ಇಲ್ಲಿದೆ. ಜೋಳದ ಹೊಲ ನೆನೆಸಿಕೊಳ್ಳಿ. ಕ್ರಾನಿಕ್‌ನಲ್ಲಿ ಬಿತ್ತನೆ ವಿಪರೀತ ಒತ್ತಾಗಿದೆ, ಆದರೂ ಸಸಿ ಬೆಳೆದು ತೆನೆಗೆ ಬರುತ್ತದೆ. ಅದಕ್ಕೇ ಮನುಷ್ಯ ತಿಂಗಳುಗಟ್ಟಲೆ ಓಡಾಡಿಕೊಂಡಿರುತ್ತಾನೆ. ಅಕ್ಯೂಟ್‌ನಲ್ಲಿ ಮೊಳಕೆ ಮೊಳಕೆಯಾಗೇ ಉಳಿದು ಹೊಲವನ್ನೆಲ್ಲ ಆಕ್ರಮಿಸುತ್ತದೆ, ಬೇರೆ ಬೆಳೆಗೂ ಜಾಗ ಬಿಡುವುದಿಲ್ಲ. ಕೆಂಪುಕಣ ಇಲ್ಲದೆ ಸುಸ್ತು, ಪ್ಲೇಟ್‌ಲೆಟ್ ಇಲ್ಲದೆ ಚುಕ್ಕೆ, ಬಲಿತ ಬಿಳಿಕಣ ಇಲ್ಲದೆ ಜ್ವರ. ಸಾಮಾನ್ಯವಾಗಿ ರಕ್ತದಲ್ಲೋ ಮಜ್ಜೆಯಲ್ಲೋ ಬ್ಲಾಸ್ಟ್ ನೂರಕ್ಕೆ 20 ಮುಟ್ಟಿದರೆ ಅಕ್ಯೂಟ್ ಎನ್ನುತ್ತೇವೆ. ಬ್ಲಾಸ್ಟ್ ಮಜ್ಜೆಯೊಳಗೇ ಉಳಿದರೆ ರಕ್ತದ ಕೌಂಟ್ ಕಡಿಮೆಯೇ ಇರಬಹುದು.

ಇನ್ನು ಯಾವ ಕವಲಿನ ಕಣ ಎಂಬುದು ಬೇರೆಯದೇ ಪ್ರಶ್ನೆ. ಮಜ್ಜೆಯಲ್ಲಿ ಒಂದು ಕವಲಿನಿಂದ ನ್ಯೂಟ್ರೊಫಿಲ್, ಕೆಂಪುಕಣ, ಪ್ಲೇಟ್‌ಲೆಟ್ ಬರುತ್ತವೆ, ಅದು ಮೈಲಾಯ್ಡ್. ಇನ್ನೊಂದರಿಂದ ಲಿಂಫೊಸೈಟ್, ಅದು ಲಿಂಫಾಯ್ಡ್. ರೈತರದು ಮೈಲಾಯ್ಡ್ ಎಂದು ಸ್ಲೈಡೇ ಹೇಳುತ್ತಿತ್ತು. ಕ್ರಾನಿಕ್ ಲಿಂಫಾಯ್ಡ್ ಆಗಿದ್ದರೆ ಒಂದೇ ತರಹದ ಬಲಿತ ಸಣ್ಣ ಲಿಂಫೊಸೈಟ್‌ಗಳು, ನಡುನಡುವೆ ಒರೆಸಿದಂತೆ ಒಡೆದ ಕಣಗಳು ಕಾಣುತ್ತವೆ. ಅದು ಹೆಚ್ಚಾಗಿ ವಯಸ್ಸಾದವರ ಕಾಯಿಲೆ.

ಬ್ಲಾಸ್ಟ್ ವಿಷಯದಲ್ಲಿ ಕಣ್ಣು ಸಾಲದು. ಒಳಗೆ ಸೂಜಿಯಂಥ ಆವರ್ ರಾಡ್ ಕಂಡರೆ ಮೈಲಾಯ್ಡ್ ಎನ್ನಬಹುದು, ಕಾಣದಿದ್ದರೆ ಲಿಂಫಾಯ್ಡ್ ಎಂದು ಬರೆಯುವ ಹಾಗಿಲ್ಲ. ಹುಡುಗಿಯ ಸ್ಯಾಂಪಲ್ ಹೈದರಾಬಾದಿಗೆ ಫ್ಲೋ ಸೈಟೊಮೆಟ್ರಿಗೆ ಹೋಯಿತು. ಕಣದ ಮೇಲೆ ಸಿಡಿ 19, ಸಿಡಿ 10 ಗುರುತು ಸಿಕ್ಕವು: ಅಕ್ಯೂಟ್ ಲಿಂಫೊಬ್ಲಾಸ್ಟಿಕ್, ಬಿ ಕಣದ್ದು. ಮಕ್ಕಳಲ್ಲಿ ಹೆಚ್ಚು ಬರುವ ರಕ್ತದ ಕ್ಯಾನ್ಸರ್ ಇದೇ. ಎರಡು ವರ್ಷಕ್ಕೂ ಮೀರಿ ಚಿಕಿತ್ಸೆ ನಡೆಯುತ್ತದೆ, ಹೆಚ್ಚಿನ ಮಕ್ಕಳಲ್ಲಿ ಗುಣವೂ ಆಗುತ್ತದೆ.

ನಮ್ಮ ಪೆಥಾಲಜಿಸ್ಟ್ ಮೇಡಂ ಅಂದು ರಿಪೋರ್ಟ್ ಟೈಪ್ ಆಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದ ಮೊದಲ ಮಾತು: "ಸ್ಟೀರಾಯ್ಡ್ ಏನಾದ್ರೂ ಕೊಟ್ಟೀರೇನ್ರಿ?" ಲಿಂಫಾಯ್ಡ್ ಬ್ಲಾಸ್ಟ್‌ಗಳು ಸ್ಟೀರಾಯ್ಡ್‌ಗೆ ಬೇಗ ಕರಗುತ್ತವೆ. ಜ್ವರ, ಕಾಲುನೋವಿಗೆಂದು ಕೊಟ್ಟ ಒಂದೆರಡು ಇಂಜೆಕ್ಷನ್ನಿಗೇ ಮಗು ಚೇತರಿಸಿಕೊಂಡಂತೆ ಕಾಣಬಹುದು, ಮಜ್ಜೆ ತೆಗೆದು ನೋಡಿದರೆ ರೋಗದ ಗುರುತು ಮಸುಕಾಗಿರುತ್ತದೆ. ಪುಣ್ಯಕ್ಕೆ ಕೊಟ್ಟಿರಲಿಲ್ಲ.

ರೈತರ ಬಿಸಿಆರ್-ಎಬಿಎಲ್ ಪರೀಕ್ಷೆ ಪಾಸಿಟಿವ್ ಬಂತು. 9 ಮತ್ತು 22ನೇ ಕ್ರೋಮೊಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡು ಹುಟ್ಟಿದ ಜೀನ್ ಅದು. ಅದರ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ 2001ರಿಂದ ಬಳಕೆಯಲ್ಲಿದೆ. ದಿನಾ ಒಂದು ಹೊತ್ತು, 400 ಮಿಲಿಗ್ರಾಂ. ಕೆಲವೇ ವಾರಗಳಲ್ಲಿ ಅವರ ಕೌಂಟ್ 8,000ಕ್ಕೆ ಇಳಿಯಿತು. "ಅರಾಮ ಆಗೇನಿ, ಇನ್ ಗುಳಿಗಿ ಬಿಡ್ಲೇನ್ರಿ?" ಅಂತ ಕೌಂಟರ್‌ನಲ್ಲೇ ಕೇಳಿದರು. ಬಿಡಬಾರದು: ಕೌಂಟ್ ಸರಿಯಾದರೂ ಆ ಜೀನ್ ಇರುವ ಕಣಗಳು ಉಳಿದಿರುತ್ತವೆ. ಅವು ಎಷ್ಟಿವೆ ಎಂದು ಮೂರು ತಿಂಗಳಿಗೊಮ್ಮೆ ಅಳೆಯಬೇಕು, ಮಾತ್ರೆಯ ತೀರ್ಮಾನ ಡಾಕ್ಟರದು. ಹಾಗೆಂದು ಹೇಳಿ, ಮುಂದಿನ ತಾರೀಖನ್ನು ಅವರ ಫೈಲಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟೆ.