ಸಿಮೆಂಟು ಹೆಚ್ಚಿಸಿದರೂ ಕರಗದ ಮಣ್ಣಿನ ಗಂಟು

ಸಿಂಗಪುರದ ಕಲ್ಲಾಂಗ್ ಭಾಗದ ಕಡಲ ಜೇಡಿಮಣ್ಣು ಹೆಬ್ಬೆರಳು ಒತ್ತಿದರೆ ಬೆಣ್ಣೆಯಂತೆ ತಗ್ಗುತ್ತದೆ. ಅಂಥ ಮಣ್ಣಿನಲ್ಲಿ ನೆಲಮಾಳಿಗೆ ತೋಡುವಾಗ ಸುತ್ತಲಿನ ಗೋಡೆಯ ಬುಡ ಒಳಕ್ಕೆ ಸರಿಯುತ್ತದೆ. ಅದನ್ನು ತಡೆಯಲು, ತೋಡಬೇಕಾದ ತಳದ ಕೆಳಗೆ ಹತ್ತರಿಂದ ಹದಿನಾಲ್ಕು ಮೀಟರ್ ಆಳದವರೆಗೆ ಡೀಪ್ ಸಾಯಿಲ್ ಮಿಕ್ಸಿಂಗ್ ಕಂಬಗಳನ್ನು ಒಂದರ ಅಂಚು ಇನ್ನೊಂದರೊಳಗೆ ಸೇರುವಂತೆ ಹಾಕುತ್ತಿದ್ದೆವು. ಮಣ್ಣನ್ನು ಹೊರತೆಗೆಯುವುದಿಲ್ಲ, ಬ್ಲೇಡು ತಿರುಗುತ್ತಾ ಇಳಿಯುವಾಗ ಸಿಮೆಂಟು-ನೀರಿನ ಸ್ಲರಿ ಬಿಟ್ಟು ಅಲ್ಲೇ ಕಲಸುತ್ತೇವೆ. ಘನಮೀಟರ್ ಮಣ್ಣಿಗೆ 220 ಕಿಲೋ ಸಿಮೆಂಟು.

28 ದಿನ ಕಳೆದ ಕಂಬವನ್ನು ಮೇಲಿನಿಂದ ಕೊರೆದು ಕೋಲಿನಂಥ ಮಾದರಿ, ಅಂದರೆ ಕೋರ್ ತೆಗೆದಾಗ ಮೊದಲ ಎರಡು ಮೀಟರ್ ನೀಟಾಗಿ ಬಂತು. ಹನ್ನೆರಡು ಮೀಟರ್ ಆಸುಪಾಸಿನದನ್ನು ಪೆಟ್ಟಿಗೆಗೆ ಜಾರಿಸಿದ ಕೂಡಲೇ ಎಲ್ಲರೂ ಸುಮ್ಮನಾದರು. ಅರ್ಧ ಗಟ್ಟಿ, ಅರ್ಧ ಪುಡಿ. ಕನ್ಸಲ್ಟೆಂಟರ ಪ್ರತಿನಿಧಿ ಫೋಟೊ ತೆಗೆಯುತ್ತಲೇ ಇದ್ದರು, ಮಾತಿಲ್ಲ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಮಾತ್ರ ಕೋರ್ ಕೊರೆದವರ ಮೇಲೆ ಹಾರಿದರು: ಕೊರೆಯುವಾಗಲೇ ಮುರಿದಿದ್ದಾರೆ, ಕಂಬದಲ್ಲಿ ದೋಷವಿಲ್ಲ ಎಂದರು.

ನನ್ನ ಅನುಮಾನ ಬೇರೆಯದಾಗಿತ್ತು. ಈ ಸ್ತರಗಳ ನಡುವೆ ಕೊಳೆತ ಸಸ್ಯಾಂಶದ ಕಪ್ಪು ಮಣ್ಣು ಸಿಗುವುದುಂಟು. ಅದರಲ್ಲಿನ ಹ್ಯೂಮಿಕ್ ಆಮ್ಲ ಸಿಮೆಂಟು ಗಟ್ಟಿಯಾಗುವುದನ್ನು ತಡೆಯುತ್ತದೆ. ಸಿಮೆಂಟನ್ನು 280 ಕಿಲೋಗೆ ಏರಿಸೋಣ ಎಂದು ನಾನು ಆಗಲೇ ಟಿಪ್ಪಣಿ ಬರೆಯಲು ಕುಳಿತಿದ್ದೆ. ಮ್ಯಾನೇಜರಿಗೆ ಆ ಸಲಹೆ ಹಿಡಿಸಿತು. ಸಿಮೆಂಟು ಹೆಚ್ಚಿಸಿದ್ದೇವೆ ಎಂದು ಬರೆದುಕೊಟ್ಟರೆ ಕಾಗದ ಮುಚ್ಚಿಹೋಗುತ್ತದಲ್ಲ.

ಪ್ರಯೋಗಾಲಯದ ಹುಡುಗಿ ಕೋರನ್ನು ಉದ್ದಕ್ಕೆ ಸೀಳಿ ಫಿನಾಲ್ಫ್ತಲೀನ್ ಸಿಂಪಡಿಸಿದಳು. ಸಿಮೆಂಟು ಇರುವಲ್ಲೆಲ್ಲ ಕೆಂಗುಲಾಬಿ ಬಣ್ಣ ಏರಿತು. ನಡುನಡುವೆ ಮುಷ್ಟಿಯಷ್ಟು ದೊಡ್ಡ ಬೂದು ಗಂಟುಗಳು ಬಣ್ಣವನ್ನೇ ಹಿಡಿಯದೆ ಉಳಿದವು. ಚಾಕುವಿನಿಂದ ಚುಚ್ಚಿದರೆ ಗಂಟು ಹಸಿ ಜೇಡಿ. ಅದಕ್ಕೆ ಒಂದು ಬೆರಳು ಪಕ್ಕದಲ್ಲಿ ಚಾಕು ಇಳಿಯಲೇ ಇಲ್ಲ. ಆಮ್ಲವೇ ಕಾರಣವಾಗಿದ್ದರೆ ಇಡೀ ತುಂಡು ಕಪ್ಪಗೆ, ಒಂದೇ ಸಮನೆ ಮೆತ್ತಗಿರುತ್ತಿತ್ತು. ಕೊರೆಯುವಾಗ ಮುರಿದಿದ್ದರೆ ಒಡೆದ ಚೂರಿಗೂ ಬಣ್ಣ ಬರಬೇಕಿತ್ತು. ಇಲ್ಲಿ ಸಿಮೆಂಟು ತಲುಪಿದಲ್ಲಿ ಕಲ್ಲಿನಂತಾಗಿತ್ತು. ಗಂಟಿನೊಳಕ್ಕೆ ಅದು ಹೋಗೇ ಇರಲಿಲ್ಲ. ಕಲಸಿದ್ದೇ ಸರಿಯಿಲ್ಲ.

ಆದರೆ ಕಲಸುವ ಯಂತ್ರದ, ಅಂದರೆ ರಿಗ್‌ನ ದಾಖಲೆ ಬೇರೆಯೇ ಹೇಳುತ್ತಿತ್ತು. ಪ್ರತಿ ಮೀಟರಿಗೆ 350 ಬ್ಲೇಡ್ ಸುತ್ತು ಬೇಕೆನ್ನುವುದು ಜಪಾನಿನಿಂದ ಬಂದ ಲೆಕ್ಕ. ನಮ್ಮದು ನಾಲ್ಕು ಬ್ಲೇಡು: ನಿಮಿಷಕ್ಕೆ ಒಂದು ಮೀಟರ್ ಇಳಿಯುವಾಗ ನಿಮಿಷಕ್ಕೆ 25 ಸುತ್ತು, ಅಂದರೆ ಮೀಟರಿಗೆ ನೂರು, ನಿಮಿಷಕ್ಕೆ 0.8 ಮೀಟರ್ ವೇಗದಲ್ಲಿ ಏರುವಾಗ ನಿಮಿಷಕ್ಕೆ 50 ಸುತ್ತು, ಅಂದರೆ ಮೀಟರಿಗೆ 250. ಕೂಡಿದರೆ ಸರಿಯಾಗಿ 350. ಸಾಫ್ಟ್‌ವೇರ್ ಎಲ್ಲ ಕಂಬಕ್ಕೂ ಹಸಿರು ಗುರುತು ಹಾಕಿತ್ತು.

ಆ ಯಂತ್ರ ಎಣಿಸುವುದು ರಾಡ್ ಎಷ್ಟು ತಿರುಗಿತೆಂದು ಮಾತ್ರ. ಬ್ಲೇಡು ಮಣ್ಣನ್ನು ಎಷ್ಟು ಬಾರಿ ಕೊಯ್ದಿತೆಂಬುದು ಅದಕ್ಕೆ ತಿಳಿಯದು. ಜಿಗುಟು ಜೇಡಿ ಬ್ಲೇಡುಗಳ ನಡುವೆ ಕಚ್ಚಿಕೊಂಡು ಅವುಗಳ ಜತೆಗೇ ತಿರುಗಲು ಶುರುವಾದರೆ ಕೊಯ್ತವೇ ಇಲ್ಲ, ಲೆಕ್ಕ ಮಾತ್ರ ಏರುತ್ತದೆ. ಹಾಗಾಗದಿರಲೆಂದೇ ಬ್ಲೇಡುಗಳ ಮಧ್ಯೆ ತಿರುಗದ ಅಡ್ಡಪಟ್ಟಿ ಇರುತ್ತದೆ. ಅದು ಬ್ಲೇಡಿಗಿಂತ ಉದ್ದ. ಎರಡೂ ತುದಿ ಕಂಬದಾಚೆಯ ಮುಟ್ಟದ ಮಣ್ಣಿಗೆ ಊರಿ ನಿಲ್ಲುವುದರಿಂದ ಪಟ್ಟಿ ನಿಶ್ಚಲವಾಗಿರುತ್ತದೆ, ಅದಕ್ಕೆ ಸಿಕ್ಕ ಗಂಟು ಒಡೆಯುತ್ತದೆ.

"ಅಂಕಲ್, ಒಮ್ಮೆ ಎತ್ತಿ ತೋರಿಸುತ್ತೀರಾ?" ಎಂದು ಆಪರೇಟರನ್ನು ಕೇಳಿದೆ. ಬ್ಲೇಡು ಹೊತ್ತ ರಾಡ್, ಅಂದರೆ ಆಗರ್ ಮೇಲೆ ಬಂದಾಗ ಬ್ಲೇಡಿನ ಸುತ್ತ ಡೋಲಿನಷ್ಟು ದಪ್ಪ ಜೇಡಿ ಅಂಟಿತ್ತು. ನೀರಿನ ಪೈಪು ಹಿಡಿದು ತೊಳೆದು ಟೇಪು ಇಟ್ಟರೆ ಅಡ್ಡಪಟ್ಟಿಯ ಒಂದು ತುದಿ ಸವೆದು ಬ್ಲೇಡಿಗಿಂತ ಒಳಗಿತ್ತು, ಇನ್ನೊಂದು ತುದಿ ಸಮಸಮ. ಊರಿಕೊಳ್ಳಲು ಏನೂ ಉಳಿದಿರಲಿಲ್ಲ. "ಎಷ್ಟೋ ದಿನದಿಂದ ಜೇಡಿ ಬಾಲ್ ಕಟ್ಟುತ್ತಿತ್ತು ಸರ್, ನಾನು ಕೆರೆದು ಹಾಕುತ್ತಿದ್ದೆ" ಎಂದರು ಅವರು. ಅವರನ್ನು ಯಾರೂ ಕೇಳಿರಲಿಲ್ಲ. ತುಂಬಿಸುವ ಫಾರಂನಲ್ಲೂ ಅದಕ್ಕೆ ಜಾಗವಿಲ್ಲ.

ಹೊಸ ಪಟ್ಟಿ ಬೆಸೆದು, ಸಿಮೆಂಟು 220ರಲ್ಲೇ ಇಟ್ಟು ಹಾಕಿದ ಪರೀಕ್ಷಾ ಕಂಬ ಸೀಳಿದಾಗ ಪೂರ್ತಿ ಕೆಂಗುಲಾಬಿ. 280 ಕಿಲೋ ಹಾಕಿದ್ದರೂ ಗಂಟಿನ ಹೊರಗಿನದಷ್ಟೇ ಇನ್ನೂ ಗಟ್ಟಿಯಾಗುತ್ತಿತ್ತು. ಹಳೆಯ ಕಂಬಗಳ ಕಥೆ ಸುಲಭವಲ್ಲ. ಸಿಮೆಂಟು ಹಸಿಯಿದ್ದಾಗ ಮತ್ತೆ ಇಳಿದು ಕಲಸಬಹುದು. ಗಟ್ಟಿಯಾದ ಮೇಲೆ ಅದೇ ಜಾಗದಲ್ಲಿ ಇಳಿಸಿದ ಆಗರ್ ಪಕ್ಕದ ಮೆತ್ತನೆಯ ಕಡೆಗೆ ಓರೆಯಾಗಿಬಿಡುತ್ತದೆ. ಹಾಗಾಗಿ ಸಂಶಯವಿದ್ದ ಕಂಬಗಳ ಸಂಧಿಗಳಲ್ಲಿ ಭಾರಿ ಒತ್ತಡದಿಂದ ಸ್ಲರಿ ಚಿಮ್ಮಿಸುವ ಜೆಟ್ ಗ್ರೌಟ್ ಮಾಡಿದೆವು. ಅದರ ಬಿಲ್ಲು ಯಾರದೆಂದು ಕಾಂಟ್ರಾಕ್ಟರ್ ಮತ್ತು ನಮ್ಮ ಕಚೇರಿಯ ನಡುವೆ ಇನ್ನೂ ಪತ್ರ ಓಡಾಡುತ್ತಿದೆ. ಆ ಬಿಲ್ಲು ಅಡ್ಡಪಟ್ಟಿಯ ಬೆಲೆಯ ಎಷ್ಟೋ ಪಟ್ಟು.