ಬೆಳಗಾವಿಗೆ ಬಾರದ ಸೂಟ್‌ಕೇಸ್

ಬಾದಾಮಿಯ ಗುಹೆಗಳನ್ನೂ ವಿಜಯಪುರದ ಗೋಳಗುಮ್ಮಟವನ್ನೂ ನೋಡಿ ಬಂದೆವು. ಅವುಗಳ ಬಗ್ಗೆ ನಾನು ಹೊಸದಾಗಿ ಹೇಳುವಂಥದ್ದೇನಿಲ್ಲ. ಆದರೆ ಬೆಳಗಾವಿಯ ಹೋಟೆಲ್ ಮ್ಯಾನೇಜರ್ ನಮ್ಮ ಟ್ರಾವೆಲ್ ಏಜೆಂಟನಿಗೆ ಬರೆದ ಉತ್ತರವೊಂದು ಇನ್ನೂ ನನ್ನ ಫೋನಿನಲ್ಲಿದೆ.

ಸಂಜೆ ಬೆಂಗಳೂರಿನಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿಳಿದೆವು. ಅಮ್ಮನ ನೀಲಿ ಸೂಟ್‌ಕೇಸ್ ಮಾತ್ರ ಬರಲಿಲ್ಲ. ಬೆಲ್ಟ್ ನಿಂತೇ ಹೋಯಿತು. ಏಜೆಂಟನಿಗೆ ಫೋನ್ ಮಾಡಿದರೆ, "ನೀವು ಸುಮ್ನೆ ರೂಮಿಗೆ ಹೋಗಿ ಸರ್, ಹೋಟೆಲಿನವರು ನೋಡ್ಕೋತಾರೆ" ಅಂದ. ಅಮ್ಮನಿಗೂ ಸುಸ್ತಾಗಿತ್ತು, ಹೊರಟುಬಿಟ್ಟೆ. ಆ ಒಂದು ತಪ್ಪಿಗೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ನಾವು ರಿಸೆಪ್ಶನ್ ತಲುಪುವಷ್ಟರಲ್ಲಿ ಅವನ ಮೆಸೇಜ್ ಬಂದಿತ್ತು: 'ಗೆಸ್ಟ್ ಲಗೇಜ್ ಮಿಸ್ಸಿಂಗ್. ನಿಮ್ಮ ಕಡೆಯಿಂದ ಏನು ಮಾಡ್ತೀರಿ, ಕೂಡಲೇ ತಿಳಿಸಿ.' ಮ್ಯಾನೇಜರ್ ಕನ್ನಡಕ ಹಣೆಗೇರಿಸಿ ಓದಿದರು. "ಸರ, ಇದನ್ನ ಯಾರರೆ ಓದಿದ್ರ ಬ್ಯಾಗ್ ನಮ್ಮ ಹೋಟೆಲ್‌ನಾಗ ಕಳದೈತಿ ಅನ್ಕೋತಾರ" ಎಂದರು. ಮೊದಲು ಅದನ್ನೇ ಇತ್ಯರ್ಥ ಮಾಡಿದರು. ಟ್ಯಾಕ್ಸಿಯ ಡಿಕ್ಕಿ ತೆಗೆಸಿದರು. ಸಾಮಾನು ಇಳಿಸಿದ ಹುಡುಗನನ್ನು ಕರೆದು ಎಷ್ಟು ಬ್ಯಾಗ್ ಬಂದವು ಎಂದು ಕೇಳಿದರು. "ಎರಡ್ರೀ" ಅಂದ.

"ಏರ್‌ಪೋರ್ಟ್‌ನಾಗ ದೂರು ಬರದು ಕೊಟ್ಟೀರೇನು?"

ಇಲ್ಲ ಅಂದೆ. ಅವರು ಬೈಯಲಿಲ್ಲ. ಬೋರ್ಡಿಂಗ್ ಪಾಸ್ ಕೇಳಿ ಅದರ ಹಿಂಬದಿ ತೋರಿಸಿದರು. ಅಲ್ಲೊಂದು ಸಣ್ಣ ಸ್ಟಿಕರ್ ಅಂಟಿಸಿದ್ದರು. ಮೇಲೆ ಹತ್ತು ಅಂಕಿ. ಬ್ಯಾಗಿಗೆ ಕಟ್ಟಿದ ಪಟ್ಟಿಯ ಮೇಲೂ ಅದೇ ಅಂಕಿ ಇರುತ್ತದೆ. ನಾನು ಅದನ್ನು ಕಿತ್ತು ಬಿಸಾಕುವುದೊಂದು ಬಾಕಿ ಇತ್ತು ಅಷ್ಟೇ! ಅದಿಲ್ಲದಿದ್ದರೆ ನೀಲಿ ಸೂಟ್‌ಕೇಸ್, ಹಿಡಿಕೆಗೆ ಕೆಂಪು ಉಲನ್ ದಾರ ಅಂತ ವರ್ಣನೆ ಮಾಡುತ್ತಾ ಕೂರಬೇಕಿತ್ತು.

ಆಮೇಲೆ ಚಹಾ ತರಿಸಿ, ಏಜೆಂಟನಿಗೆ ಉತ್ತರ ಟೈಪ್ ಮಾಡಿದರು. ನನಗೂ ಕಳಿಸಿದರು. ಅದು ಹೀಗಿದೆ:

'ಬ್ಯಾಗ್ ನಮ್ಮಲ್ಲಿಗೆ ಬಂದಿಲ್ಲ, ವಿಮಾನದಿಂದಲೇ ಇಳಿದಿಲ್ಲ. ದೂರು ಪ್ರಯಾಣಿಕರೇ ಕೊಡಬೇಕು, ಹೋಟೆಲ್ ಕೊಡಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಅವರನ್ನು ನಮ್ಮ ಗಾಡಿಯಲ್ಲಿ ಕಳಿಸುತ್ತೇವೆ. ದೂರಿನ ನಂಬರ್ ಸಿಕ್ಕರೆ ದಿನಕ್ಕೆರಡು ಸಲ ನಾವೇ ಫೋನ್ ಮಾಡಿ ಕೇಳುತ್ತೇವೆ. ಬ್ಯಾಗ್ ಬಂದರೆ ತಗೊಂಡು ಇಟ್ಟುಕೊಳ್ಳಲು ಗೆಸ್ಟ್ ಒಪ್ಪಿಗೆ ಬರೆದು ಕೊಡಬೇಕು. ಯಾವಾಗ ಬರುತ್ತದೆ ಎಂದು ನಾವು ಮಾತು ಕೊಡುವುದಿಲ್ಲ. ಪರಿಹಾರ ಏರ್‌ಲೈನ್‌ನವರನ್ನೇ ಕೇಳಬೇಕು. ಕೊಂಡ ಬಟ್ಟೆಬರೆಯ ಬಿಲ್ ಇಟ್ಟುಕೊಳ್ಳಲು ಹೇಳಿದ್ದೇವೆ. ಶುಕ್ರವಾರ ಬೆಳಿಗ್ಗೆ ರೂಮ್ ಖಾಲಿ ಮಾಡುತ್ತಾರೆ. ಬಾದಾಮಿಯ ಹೋಟೆಲ್ ವಿಳಾಸ ಈಗಲೇ ಕಳಿಸಿ.'

ಕೊನೆಯ ಸಾಲಿನ ಬೆಲೆ ನನಗೆ ಆಮೇಲೆ ಗೊತ್ತಾಯಿತು. ತಡವಾದ ಬ್ಯಾಗ್ ಹೆಚ್ಚಾಗಿ ಬರುವುದು ನಾವು ಮುಂದಿನ ಊರಿಗೆ ಹೋದ ಮೇಲೇ ಅಲ್ವಾ? ದೂರಿನಲ್ಲಿ ಒಂದೇ ವಿಳಾಸ ಬರೆದರೆ ಅದು ಹಳೆಯ ಊರಿನಲ್ಲೇ ಕೂತಿರುತ್ತದೆ.

ಅಮ್ಮನ ಬಿಪಿ ಮಾತ್ರೆಯೂ ಸೂಟ್‌ಕೇಸಿನಲ್ಲೇ ಇತ್ತು. ಡಾಕ್ಟರ್ ಚೀಟಿಯ ಫೋಟೊ ನನ್ನ ಫೋನಿನಲ್ಲಿದ್ದದ್ದು ಪುಣ್ಯ. ಹುಡುಗ ಅದನ್ನು ತೋರಿಸಿ ಔಷಧಿ ಅಂಗಡಿಯಿಂದ ಮಾತ್ರೆ ತಂದ. ಬರುವಾಗ ಅಮ್ಮನಿಗೆಂದು ಸ್ವಲ್ಪ ಕುಂದಾನೂ ತಂದಿದ್ದ. ನನಗೆ ಕುಂದಾ ತೀರಾ ಸಿಹಿ. ಅಮ್ಮನಿಗೆ ಆ ರಾತ್ರಿ ಸೂಟ್‌ಕೇಸ್ ಮರೆತೇಹೋಯಿತು.

ಮರುದಿನ ಸಾಂಬ್ರಾದಲ್ಲಿ ದೂರು ಬರೆಸಿದೆ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಮೂರು ಸಲ ಕೇಳಿಸಿಕೊಂಡೆ. ಕೊಟ್ಟ ಚೀಟಿಯ ನಂಬರ್ IXG ಎಂದು ಶುರುವಾಗಿತ್ತು. ಅದು ಬೆಳಗಾವಿ ನಿಲ್ದಾಣದ ಗುರುತು. ಸೂಟ್‌ಕೇಸ್ ಬೆಂಗಳೂರಿನಲ್ಲೇ ಉಳಿದಿದೆ ಎಂದು ಮಧ್ಯಾಹ್ನ ತಿಳಿಯಿತು. ಚಿಕ್ಕ ವಿಮಾನ, ತೂಕ ಜಾಸ್ತಿಯಾಗಿ ಕೆಲವು ಬ್ಯಾಗ್ ಇಳಿಸಿದ್ದರಂತೆ.

ಶುಕ್ರವಾರ ನಾವು ಬಾದಾಮಿಯಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತಿದ್ದಾಗ ಮ್ಯಾನೇಜರ್ ಫೋಟೊ ಕಳಿಸಿದರು. ಸೂಟ್‌ಕೇಸ್, ಬೀಗ, ಕೆಂಪು ದಾರ. ಇನ್ನೊಂದರಲ್ಲಿ ತಂದುಕೊಟ್ಟವನ ರಸೀದಿ. ಸಹಿಯ ಪಕ್ಕದಲ್ಲಿ ಅವರದೇ ಅಕ್ಷರ: 'ಒಂದು ಚಕ್ರ ಮುರಿದಿದೆ. ಬೀಗ ತೆರೆದಿಲ್ಲ.'

ಫೋನ್ ಮಾಡಿದೆ. "ಏನೂ ಬರೀದ ಹಂಗ ಸಹಿ ಹಾಕಿದ್ರ ಎಲ್ಲಾ ಬರೋಬರಿ ಇತ್ತು ಅಂತ ಆಗ್ತೈತ್ರಿ. ನೀವು ಏಳು ದಿನದೊಳಗ ಏರ್‌ಲೈನ್‌ನವ್ರಿಗೆ ಬರದು ಕೊಡ್ರಿ" ಎಂದರು. ಏರ್‌ಲೈನ್‌ನವರು ಬಾದಾಮಿಗೆ ತಲುಪಿಸಲು ಇನ್ನೆರಡು ದಿನ ಬೇಕು ಅಂದಿದ್ದರಂತೆ. ಅದಕ್ಕೆ ನನ್ನನ್ನು ಕೇಳಿ ಬಸ್ ಪಾರ್ಸೆಲ್‌ಗೆ ಹಾಕಿಸಿದರು. ರಸೀದಿಯ ಫೋಟೊನೂ ಬಂತು.

ಮರುದಿನ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಸೂಟ್‌ಕೇಸ್ ಬಿಡಿಸಿಕೊಂಡೆ. ಮುರಿದ ಚಕ್ರದ ಕಡೆ ಎತ್ತಿ ಹಿಡಿದು, ಒಂದೇ ಚಕ್ರದ ಮೇಲೆ ಎಳೆದುಕೊಂಡು ಹೊರಟೆ. ಅಮ್ಮ ಅಲ್ಲೇ ಬೆಂಚಿನ ಮೇಲೆ ಅದನ್ನು ತೆರೆಸಿ, ಮೊದಲು ಚಟ್ನಿಪುಡಿ ಡಬ್ಬಿಯ ಮುಚ್ಚಳ ಗಟ್ಟಿಯಿದೆಯಾ ನೋಡಿದರು.