ಎಂಆರ್‌ಐ ಭಯಕ್ಕೆ ಮಾತ್ರೆ: ಎಷ್ಟೊತ್ತಿಗೆ ನುಂಗಬೇಕು, ಮನೆಗೆ ಹೇಗೆ ಬರಬೇಕು

"ಆ ಕೊಳವೆಯೊಳಗೆ ಹೋದರೆ ನನಗೆ ಉಸಿರು ಕಟ್ಟುತ್ತೆ. ಮಾತ್ರೆ ತಗೊಂಡು ಹೋಗಬಹುದಾ? ಒಬ್ಬನೇ ಗಾಡಿ ಓಡಿಸಿಕೊಂಡು ವಾಪಸ್ ಬರಬಹುದಾ?"

ಮಾತ್ರೆಗೆ ಡಾಕ್ಟರ್ ಚೀಟಿ ಬೇಕು, ಒಬ್ಬರೇ ಬರೋದು ಬೇಡ. ನಾನು ಪುಣೆಯಲ್ಲಿ ಸ್ಕ್ಯಾನ್ ಟೆಕ್ನಿಷಿಯನ್. ಮಾತ್ರೆ ತಗೊಂಡೂ ಹೆದರಿ ಹೊರಗೆ ಬಂದವರಲ್ಲಿ ನಾನು ಜಾಸ್ತಿ ನೋಡಿದ್ದು ಟೈಮಿನ ತಪ್ಪು.

ನಮ್ಮ ಪಕ್ಕದ ಮನೆಯ ಕಾಕು ಧಾರವಾಡದವರು, ಈಗ ಕೋಥ್ರೂಡ್‌ನಲ್ಲಿದ್ದಾರೆ. ಸೊಂಟದ ಸ್ಕ್ಯಾನ್‌ಗೆ ಡಾಕ್ಟರ್ 1 ಮಿಲಿಗ್ರಾಂ ಲೊರಾಜೆಪಾಮ್ ಬರೆದಿದ್ದರು. ಕಾಕು ಅದನ್ನು ಬೇರೊಂದು ಸೆಂಟರ್‌ನಲ್ಲಿ, ಒಳಗೆ ಕರೆದಾಗ ನುಂಗಿದರು. ಹತ್ತು ನಿಮಿಷಕ್ಕೆ ಟೇಬಲ್ ಒಳಗೆ ಸರಿಯಿತು, ಅವರು ಬೆಲ್ ಒತ್ತಿ ಹೊರಗೆ ಬಂದರು. ಈ ಮಾತ್ರೆ ಹಿಡಿಯೋಕೆ ಅರ್ಧ ಗಂಟೆಯಾದರೂ ಬೇಕು, ರಕ್ತದಲ್ಲಿ ಪೂರ್ತಿ ಏರೋಕೆ ಸುಮಾರು ಎರಡು ಗಂಟೆ. ಹಾಗಾಗಿ ಅದು ಏರಿದ್ದು ಮಗನ ಸ್ಕೂಟರ್ ಹಿಂದೆ ಕೂತಾಗ. ಸಿಗ್ನಲ್‌ನಲ್ಲಿ ಕಾಕು ತೂಕಡಿಸಿ ಪಕ್ಕಕ್ಕೆ ವಾಲಿದರು, ಮಗ ಕೈ ಹಿಂದೆ ಹಾಕಿ ಹಿಡಿದುಕೊಂಡ. ಅದನ್ನು ಕೇಳಿದಾಗ ನನ್ನ ಎದೆ ಝಲ್ಲೆಂದಿತು.

ಎರಡನೇ ಸಲ ನಮ್ಮಲ್ಲಿಗೆ ಬಂದರು. ಮೊದಲು ಒಪ್ಪಿಗೆಯ ಫಾರಂ, ಮೈಯೊಳಗೆ ಪೇಸ್‌ಮೇಕರ್, ಲೋಹದ ಕ್ಲಿಪ್ ಇತ್ಯಾದಿ ಇದೆಯಾ ಅನ್ನೋ ಪ್ರಶ್ನೆಗಳು, ತಾಳಿ, ಕಾಲುಂಗುರ ತೆಗೆಯೋದು ಎಲ್ಲಾ ಮುಗಿಸಿದೆವು, ಯಾಕಂದ್ರೆ ಮಾತ್ರೆ ಹಿಡಿದ ಮೇಲೆ ಕೊಟ್ಟ ಉತ್ತರವನ್ನು ನಂಬೋಕಾಗಲ್ಲ. ಸ್ಕ್ಯಾನ್ ಶುರುವಾಗೋಕೆ ಎಷ್ಟು ತಡ ಆಗುತ್ತೆ ಅಂತ ನಾನೇ ಹೇಳಿದೆ, ಡಾಕ್ಟರ್ ಒಪ್ಪಿಗೆಯ ಹಾಗೆ ಸ್ಕ್ಯಾನ್‌ಗೆ ಒಂದು ಗಂಟೆ ಮುಂಚೆ ಅವರು ನುಂಗಿದರು. ಇಪ್ಪತ್ತೈದು ನಿಮಿಷ ಅಲುಗಾಡದೆ ಮಲಗಿದರು, ನಾನು ಹೇಳಿದ್ದಕ್ಕೆ ಉತ್ತರಾನೂ ಕೊಟ್ಟರು. ಬೇಕಾಗಿದ್ದು ಇಷ್ಟೇ, ಗಾಢ ನಿದ್ದೆ ಅಲ್ಲ.

"ಇನ್ನೂ ಏನೂ ಅನಿಸ್ತಿಲ್ಲ" ಅಂತ ಇನ್ನೊಂದು ಮಾತ್ರೆ ದಯವಿಟ್ಟು ನುಂಗಬೇಡಿ. ಸ್ವಲ್ಪ ಹೊತ್ತಿಗೆ ಎರಡೂ ಒಟ್ಟಿಗೆ ಏರುತ್ತವೆ. ಸೊಂಟ ನೋವಿಗೆ ಟ್ರಮಡಾಲ್ ತಗೊಳ್ತಾ ಇದ್ದರೆ, ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಲ್ಲುತ್ತಿದ್ದರೆ, ಬಸುರಿಯಾಗಿದ್ದರೆ, ಮಾತ್ರೆ ಬರೆಯೋ ಡಾಕ್ಟರಿಗೆ ಮೊದಲೇ ಹೇಳಿ, ಮೊದಲ ಎರಡರಲ್ಲಿ ಉಸಿರು ನಿಧಾನ ಆಗೋ ಅಪಾಯ ಜಾಸ್ತಿ. ಆ ದಿನ ಮದ್ಯ ಬೇಡವೇ ಬೇಡ.

ಕಾಕು ಈ ಸಲ ಮಗನ ಜೊತೆ ರಿಕ್ಷಾದಲ್ಲಿ ಹೋದರು. ಪುಣೆಯಲ್ಲಿ ಸ್ಕೂಟರ್ ಇಲ್ಲದೆ ಕೆಲಸ ಆಗಲ್ಲ ಅಂತ ಗೊತ್ತು, ಆದರೆ ಅವತ್ತು ಹಿಂದಿನ ಸೀಟೂ ಬೇಡ. ಮನೆಯ ಮೆಟ್ಟಿಲಲ್ಲಿ ಮಗ ಕೈ ಹಿಡಿದ, ಸಂಜೆವರೆಗೆ ಜೊತೆಗಿದ್ದ, ಅಡುಗೆ ಸೊಸೆ ಮಾಡಿದಳು. ಇಪ್ಪತ್ನಾಲ್ಕು ಗಂಟೆ ಗಾಡಿ ಓಡಿಸೋದು, ಮುಖ್ಯವಾದ ಕಾಗದಕ್ಕೆ ಸಹಿ ಹಾಕೋದು ಬೇಡ. ಎಚ್ಚರ ಆಗಿದೆ ಅಂತ ನಿಮಗನಿಸಿದರೂ ಕೈಕಾಲು ಇನ್ನೂ ನಿಧಾನ ಇರುತ್ತೆ. ಮಾತಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನ ಆದರೆ 108ಕ್ಕೆ ಫೋನ್ ಮಾಡಿ.

ರಿಪೋರ್ಟ್ ಯಾವಾಗ ಅನ್ನೋದನ್ನು ನಾನು ಮಗನಿಗೇ ಹೇಳಿದ್ದೆ. ಕಾಕುಗೂ ಹೇಳಿದ್ದೆ, ಅವರು ತಲೆಯಾಡಿಸಿದ್ದರು. ಮರುದಿನ ಕೇಳಿದರೆ ನಾನು ಮಾತಾಡಿದ್ದೇ ಅವರಿಗೆ ನೆನಪಿರಲಿಲ್ಲ.